ರಫ್ತಿನ ಸರಕಿನೊಳಗೆ ಉಳಿದುಬಿಡುವ ತೆರಿಗೆ

ವಿದ್ಯುತ್ ಮೋಟಾರು ತಯಾರಿಸಿ ಬಹುಪಾಲು ಹೊರದೇಶಗಳಿಗೆ ಮಾರುವ ಒಂದು ಸಣ್ಣ ಘಟಕದ ಲೆಕ್ಕವನ್ನು ಪರಿಶೀಲಿಸುವಾಗ, ಅವರು ರಫ್ತಿನ ಮಾರಾಟವನ್ನೆಲ್ಲ ರಿಟರ್ನ್‌ನಲ್ಲಿ ‘ವಿನಾಯಿತಿ ಪಡೆದ ಮಾರಾಟ’ ಎಂಬ ಅಂಕಣದಲ್ಲಿ ತುಂಬುತ್ತಿದ್ದುದು ನನ್ನ ಕಣ್ಣಿಗೆ ಬಿತ್ತು. ಕೇಳಿದಾಗ ಲೆಕ್ಕಿಗರು, “ಹೇಗೂ ತೆರಿಗೆ ಇಲ್ಲವಲ್ಲ ಸಾರ್, ಯಾವ ಅಂಕಣದಲ್ಲಿ ಬರೆದರೇನು?” ಎಂದರು. ಗ್ರಾಹಕರಿಗೆ ಕೊಡುವ ಬಿಲ್ಲನ್ನು ಮಾತ್ರ ನೋಡಿದರೆ ಅವರ ಮಾತು ಸರಿಯೇ. ವಿನಾಯಿತಿಯ ಅಂಕಣವಾದರೂ, ರಫ್ತಿಗೆ ಸಲ್ಲುವ ‘ಶೂನ್ಯ ದರ’ದ ಅಂಕಣವಾದರೂ ಅದರಲ್ಲಿ ತೆರಿಗೆ ಸೊನ್ನೆ. ಆದರೆ ಆ ಸರಕನ್ನು ತಯಾರಿಸಲು ಕೊಂಡ ವಸ್ತುಗಳ ಮೇಲೆ ಅದಾಗಲೇ ಕಟ್ಟಿರುವ ತೆರಿಗೆ ಎಲ್ಲಿಗೆ ಹೋಗುತ್ತದೆ ಎಂಬುದು ಆ ಅಂಕಣವನ್ನೇ ಅವಲಂಬಿಸಿರುತ್ತದೆ.

ಮೌಲ್ಯವರ್ಧಿತ ತೆರಿಗೆ ಕೊನೆಯಲ್ಲಿ ಬಳಕೆದಾರನ ಮೇಲೆ ಬೀಳಬೇಕಾದ ತೆರಿಗೆ. ಸರಕು ಎಲ್ಲಿ ಬಳಕೆಯಾಗುತ್ತದೆಯೋ ಆ ದೇಶಕ್ಕೆ ತೆರಿಗೆ ಸೇರಬೇಕು ಎಂಬುದು ಇದರ ಹಿಂದಿನ ತತ್ತ್ವ. ಆಮದು ಮಾಡಿಕೊಳ್ಳುವ ದೇಶ ತನ್ನ ದರದಲ್ಲಿ ತೆರಿಗೆ ಹಾಕಿಯೇ ಹಾಕುತ್ತದೆ. ಆದ್ದರಿಂದ ಕಳುಹಿಸುವ ದೇಶ ತನ್ನ ತೆರಿಗೆಯನ್ನು ಪೂರ್ತಿಯಾಗಿ ತೆಗೆದು ಕಳುಹಿಸದಿದ್ದರೆ ಒಂದೇ ಸರಕಿಗೆ ಎರಡು ದೇಶಗಳ ತೆರಿಗೆ ತಗಲುತ್ತದೆ. ವಿನಾಯಿತಿಯಲ್ಲಿ ಮಾರಾಟದ ಮೇಲೆ ತೆರಿಗೆ ಇಲ್ಲ, ಆದರೆ ಖರೀದಿಯ ಮೇಲೆ ಕಟ್ಟಿದ್ದೂ ಮರಳಿ ಬರುವುದಿಲ್ಲ. ಶೂನ್ಯ ದರದಲ್ಲಿ ಮಾರಾಟವು ತೆರಿಗೆಯ ವ್ಯಾಪ್ತಿಯೊಳಗೇ ಇರುತ್ತದೆ, ದರ ಮಾತ್ರ ಸೊನ್ನೆ. ಹಾಗಾಗಿ ಖರೀದಿಯ ಮೇಲೆ ಕಟ್ಟಿದ ತೆರಿಗೆ, ಮಾರಾಟದ ತೆರಿಗೆಯೆದುರು ಹೊಂದಿಸಿಕೊಳ್ಳಬಹುದಾದ ಜಮೆಯಾಗಿ ಉಳಿದುಕೊಂಡು, ಅದನ್ನು ನಗದಾಗಿ ವಾಪಸು ಕೇಳುವ ಹಕ್ಕು ದೊರೆಯುತ್ತದೆ.

ಒಂದು ಮೋಟಾರಿನ ಲೆಕ್ಕವನ್ನು ಹಾಕಿ ನೋಡೋಣ. ದೇಶದೊಳಗೆ ಕೊಂಡ ಸಾಮಗ್ರಿಯ ಬೆಲೆ 400, ಆಮದು ಮಾಡಿಕೊಂಡ ತಾಮ್ರದ ಬೆಲೆ 200, ಕೂಲಿ ಮತ್ತು ಲಾಭ ಸೇರಿ ಇನ್ನೊಂದು 400 ಎಂದಿಟ್ಟುಕೊಳ್ಳಿ. ಮೌಲ್ಯವರ್ಧಿತ ತೆರಿಗೆಯ ದರ ಶೇಕಡಾ 10, ತಾಮ್ರದ ಮೇಲಿನ ಕಸ್ಟಮ್ಸ್ ಸುಂಕವೂ ಶೇಕಡಾ 10. ದೇಶದೊಳಗಿನ ಸಾಮಗ್ರಿಗೆ ಕಟ್ಟಿದ ತೆರಿಗೆ 40. ತಾಮ್ರಕ್ಕೆ ಮೊದಲು ಸುಂಕ 20, ಬಳಿಕ ಸುಂಕವೂ ಸೇರಿದ 220ರ ಮೇಲೆ ತೆರಿಗೆ 22. ಒಟ್ಟು 82 ಸರ್ಕಾರಕ್ಕೆ ಸೇರಿದೆ. ರಫ್ತನ್ನು ವಿನಾಯಿತಿ ಎಂದು ಬರೆದರೆ ಈ 82 ಪೂರ್ತಿಯಾಗಿ ವೆಚ್ಚದಲ್ಲಿ ಬೆರೆತುಹೋಗುತ್ತದೆ. ಮೋಟಾರನ್ನು 1,000ಕ್ಕೆ ಬದಲು 1,082ಕ್ಕೆ ಮಾರಬೇಕು, ಇಲ್ಲವೇ ಅಷ್ಟನ್ನು ಲಾಭದಿಂದ ಕಳೆದುಕೊಳ್ಳಬೇಕು. ಶೂನ್ಯ ದರದ ಅಂಕಣದಲ್ಲಿ ಬರೆದು ಕೋರಿಕೆ ಸಲ್ಲಿಸಿದರೆ 62 ಮರಳುತ್ತದೆ.

ಆದರೂ 20 ಉಳಿಯಿತು. ಕಸ್ಟಮ್ಸ್ ಸುಂಕ ಮೌಲ್ಯವರ್ಧಿತ ತೆರಿಗೆಯ ಸರಪಳಿಗೆ ಸೇರಿದ್ದಲ್ಲ, ಅದಕ್ಕೆ ಜಮೆ ಎಂಬುದಿಲ್ಲ. ಶೂನ್ಯ ದರ ಎಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಆ 20 ತಾಮ್ರದ ಜೊತೆಗೇ ಗಡಿ ದಾಟುತ್ತದೆ. ಅದನ್ನು ಹೊರತೆಗೆಯುವ ಪ್ರತ್ಯೇಕ ದಾರಿಯೇ ಸುಂಕ ವಾಪಸಾತಿ, ರೂಢಿಯಲ್ಲಿ ಡ್ರಾಬ್ಯಾಕ್. ಎರಡೂ ಒಂದೇ ಉದ್ದೇಶದವಾದರೂ ಕೋರಿಕೆ ಬೇರೆ, ದಾಖಲೆ ಬೇರೆ, ಅನೇಕ ಕಡೆ ಇಲಾಖೆಯೂ ಬೇರೆ. ಒಂದನ್ನು ಪಡೆದವರು ಇನ್ನೊಂದನ್ನು ಕೇಳುವುದನ್ನೇ ಮರೆಯುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಡ್ರಾಬ್ಯಾಕ್‌ನಲ್ಲಿ ಕಷ್ಟವಿರುವುದು ಪ್ರಮಾಣವನ್ನು ನಿರ್ಧರಿಸುವುದರಲ್ಲಿ. ವಿಶ್ವ ವ್ಯಾಪಾರ ಸಂಸ್ಥೆಯ ಸಹಾಯಧನ ಒಪ್ಪಂದದ ಪ್ರಕಾರ, ರಫ್ತಾದ ಸರಕಿನ ತಯಾರಿಕೆಯಲ್ಲಿ ಬಳಕೆಯಾಗಿಹೋದ ಆಮದು ವಸ್ತುಗಳ ಮೇಲೆ ವಿಧಿಸಿದ ಸುಂಕವನ್ನು, ಸಹಜವಾದ ನಷ್ಟಕ್ಕೂ ಅವಕಾಶ ಕೊಟ್ಟು, ಹಿಂತಿರುಗಿಸಬಹುದು. ಅದಕ್ಕಿಂತ ಹೆಚ್ಚು ಹಿಂತಿರುಗಿಸಿದರೆ ಆ ಹೆಚ್ಚಳ ರಫ್ತು ಸಹಾಯಧನವಾಗುತ್ತದೆ. ಬಳಕೆಯಾದ ವಸ್ತು ಎಂದರೆ ಸರಕಿನಲ್ಲಿ ಸೇರಿಹೋದದ್ದು ಮಾತ್ರವಲ್ಲ, ತಯಾರಿಕೆಯಲ್ಲಿ ವೆಚ್ಚವಾದ ವಿದ್ಯುತ್, ಇಂಧನ, ತೈಲ ಮತ್ತು ವೇಗವರ್ಧಕಗಳೂ ಅದರಲ್ಲಿ ಸೇರುತ್ತವೆ. ನಷ್ಟದ ವ್ಯಾಖ್ಯೆ ಮಾತ್ರ ಬಿಗಿಯಾಗಿದೆ: ತಯಾರಕನೇ ಮರಳಿ ಪಡೆದು ಬಳಸಿದ ಅಥವಾ ಮಾರಿದ ತುಂಡುಗಳನ್ನು ನಷ್ಟ ಎನ್ನುವಂತಿಲ್ಲ.

ನಮ್ಮ ಮೋಟಾರಿನ 200ರ ತಾಮ್ರ 100 ಕಿಲೋ ಎಂದುಕೊಳ್ಳಿ. ಅದರಲ್ಲಿ 90 ಕಿಲೋ ಸುರುಳಿಗಳಲ್ಲಿ ಸೇರಿತು, 4 ಕಿಲೋ ಸಂಸ್ಕರಣೆಯಲ್ಲಿ ಕೈಗೆ ಸಿಗದಂತೆ ಹೋಯಿತು, ಉಳಿದ 6 ಕಿಲೋ ತುಂಡುಗಳನ್ನು ದೇಶದೊಳಗೇ ಮಾರಲಾಯಿತು. ಕೇಳಬಹುದಾದದ್ದು 94 ಕಿಲೋಗೆ ತಕ್ಕ ಸುಂಕ, ಅಂದರೆ 18.80. ಇಡೀ 20 ಕೇಳಿದರೆ ಮಾರಿದ 6 ಕಿಲೋ ತುಂಡಿನ ಬಿಲ್ಲೇ ನಮ್ಮ ವಿರುದ್ಧ ಸಾಕ್ಷಿಯಾಗುತ್ತದೆ. ತನಿಖಾಧಿಕಾರಿಗಳು ಮೊದಲು ನೋಡುವುದು ಖರೀದಿಯ ಬಿಲ್ಲನ್ನಲ್ಲ, ತುಂಡು ಮಾರಾಟದ ಪುಸ್ತಕವನ್ನು. ಅದು ಸರಿಯಾದ ಕ್ರಮವೂ ಹೌದು.

ಪ್ರತಿ ರಫ್ತುದಾರನ ಲೆಕ್ಕವನ್ನು ಹೀಗೆ ಕಿಲೋ ಕಿಲೋ ನೋಡುವುದು ಭಾರವೆಂದು ಕೆಲವು ದೇಶಗಳು ಇಡೀ ಉದ್ಯಮಕ್ಕೆ ಸರಾಸರಿ ದರವನ್ನು ನಿಗದಿ ಮಾಡುತ್ತವೆ. ರಫ್ತು ಬೆಲೆಯ ಶೇಕಡಾ 3 ಎಂಬ ದರವಿದ್ದರೆ ಈ ಮೋಟಾರಿಗೆ 30 ಸಿಗುತ್ತದೆ. ನಿಜವಾಗಿ ಸಲ್ಲಬೇಕಾದದ್ದು 18.80 ಮಾತ್ರ. ಈ 11.20ರ ಹೆಚ್ಚಳವನ್ನು ಲಾಭವೆಂದು ಸಂತೋಷಪಡುವವರಿಗೆ ನಾನು ಎಚ್ಚರಿಕೆ ಹೇಳುತ್ತೇನೆ, ಏಕೆಂದರೆ ಆಮದು ಮಾಡಿಕೊಳ್ಳುವ ದೇಶವು ತನ್ನ ಉದ್ಯಮಕ್ಕೆ ಹಾನಿಯಾಗಿದೆ ಎಂದು ತನಿಖೆಯಲ್ಲಿ ಕಂಡುಕೊಂಡರೆ ಆ ಹೆಚ್ಚಳವನ್ನು ಸರಿದೂಗಿಸಲು ಸರಕಿನ ಮೇಲೆ ಪ್ರತಿಸುಂಕ ಹಾಕಬಹುದು. ಪಾಕಿಸ್ತಾನದ ಪಿಇಟಿ ಪ್ಲಾಸ್ಟಿಕ್ ಕುರಿತು ಐರೋಪ್ಯ ಒಕ್ಕೂಟ ಹಾಕಿದ್ದ ಇಂಥ ಸುಂಕದ ವಿವಾದದಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಮಂಡಳಿ 2018ರಲ್ಲಿ, ವಾಪಸಾತಿಯ ಇಡೀ ಮೊತ್ತವಲ್ಲ, ಹೆಚ್ಚುವರಿ ಭಾಗ ಮಾತ್ರ ಸಹಾಯಧನ ಎಂದು ಎತ್ತಿಹಿಡಿಯಿತು. ಇದು ರಫ್ತುದಾರರಿಗೆ ದೊಡ್ಡ ಆಸರೆ. ಆದರೆ ಹೆಚ್ಚುವರಿ ಎಷ್ಟೆಂದು ತೋರಿಸಲು ಬಳಕೆಯ ಲೆಕ್ಕ ಕೈಯಲ್ಲಿರಬೇಕು; ಅದಿಲ್ಲದವನಿಗೆ ಆ ತೀರ್ಪಿನಿಂದ ಹೆಚ್ಚು ಪ್ರಯೋಜನವಾಗದು.

ಆದಾಯ ತೆರಿಗೆಯೂ ವೆಚ್ಚವೇ ಅಲ್ಲವೇ, ಅದನ್ನೇಕೆ ವಾಪಸು ಕೊಡುವುದಿಲ್ಲ ಎಂದು ಕೆಲವರು ಕೇಳುತ್ತಾರೆ. ಅದೇ ಒಪ್ಪಂದವು ರಫ್ತಿಗೆಂದು ನೇರ ತೆರಿಗೆಯನ್ನು ಬಿಟ್ಟುಕೊಡುವುದನ್ನು ಸಹಾಯಧನವೆಂದೇ ಎಣಿಸುತ್ತದೆ. ಸರಕಿನ ಮೇಲೆ ಬಿದ್ದ ತೆರಿಗೆಯನ್ನು ಮಾತ್ರ ಗಡಿಯಲ್ಲಿ ಕಳಚಬಹುದು.

ಹಣ ಮರಳುವುದು ತಡವಾದಾಗ ಆಗುವ ತೊಂದರೆಯನ್ನೂ ಹೇಳಬೇಕು. ಹೆಚ್ಚಿನ ಮಾರಾಟ ರಫ್ತಿನದೇ ಆಗಿದ್ದರೆ ಜಮೆಯನ್ನು ಹೊಂದಿಸಿಕೊಳ್ಳಲು ದೇಶದೊಳಗಿನ ಮಾರಾಟದ ತೆರಿಗೆ ಸಾಲುವುದಿಲ್ಲ, ವಾಪಸಾತಿಯೊಂದೇ ದಾರಿ. ತಿಂಗಳಿಗೊಂದರಂತೆ ಇದೇ ಪ್ರಮಾಣದ ರವಾನೆ ಹೋಗುತ್ತಿದ್ದು ನಾಲ್ಕು ತಿಂಗಳು ತಡವಾದರೆ 62ರಂತೆ 248 ಸದಾ ಸಿಕ್ಕಿಕೊಂಡಿರುತ್ತದೆ, ಅದಕ್ಕೆ ಬ್ಯಾಂಕಿನ ಬಡ್ಡಿ ಕಟ್ಟಬೇಕು. ಕಾಗದದ ಮೇಲೆ ಶೂನ್ಯವಾದ ದರ ಆ ಬಡ್ಡಿಯ ಮಟ್ಟಿಗೆ ಶೂನ್ಯವಲ್ಲ. ಅಧಿಕಾರಿಗಳ ಎಚ್ಚರಿಕೆಗೂ ಕಾರಣವಿದೆ: ರಫ್ತಾಯಿತೆಂದು ದಾಖಲೆ ಸೃಷ್ಟಿಸಿ ಸರಕನ್ನು ಒಳಗೇ ಮಾರಿಕೊಂಡು ತೆರಿಗೆ ವಾಪಸು ಪಡೆಯುವ ವಂಚನೆ ಈ ವ್ಯವಸ್ಥೆಯ ಹಳೆಯ ರೋಗ.

ನಾನು ಕಂಡ ತಡೆಗಳಲ್ಲಿ ಹೆಚ್ಚಿನವು ಮಾತ್ರ ವಂಚನೆಯವಲ್ಲ. ರಫ್ತು ಘೋಷಣೆಯಲ್ಲಿ ಒಂದು ತೂಕ, ಹಡಗಿನ ಸರಕುಪತ್ರದಲ್ಲಿ ಇನ್ನೊಂದು. ಬಿಲ್ಲಿನಲ್ಲಿ ಸಾಗಣೆ ಮತ್ತು ವಿಮೆ ಸೇರಿದ ಬೆಲೆ, ಘೋಷಣೆಯಲ್ಲಿ ಅವಿಲ್ಲದ ಬೆಲೆ. ಇವುಗಳ ವ್ಯತ್ಯಾಸವನ್ನು ಒಂದು ಸಾಲಿನಲ್ಲಿ ವಿವರಿಸುವ ಹೊಂದಾಣಿಕೆ ಪಟ್ಟಿಯನ್ನು ಕೋರಿಕೆಯ ಜೊತೆಗೇ ಕೊಟ್ಟರೆ ಬಹಳಷ್ಟು ಪ್ರಶ್ನೆಗಳು ಹುಟ್ಟುವುದೇ ಇಲ್ಲ. ಆ ಮೋಟಾರು ಘಟಕದವರಿಗೆ ನಾವು ಕಾಲಮಿತಿಯೊಳಗಿದ್ದ ರಿಟರ್ನ್‌ಗಳನ್ನು ತಿದ್ದಿ ಸಲ್ಲಿಸಿದೆವು. ಅದಕ್ಕಿಂತ ಹಿಂದಿನ ವರ್ಷಗಳ ತೆರಿಗೆ ಮರಳಲಿಲ್ಲ. ತಾಮ್ರದ ಸುಂಕಕ್ಕೆ ಕೋರಿಕೆ ಸಲ್ಲಿಸಲು ಪ್ರತಿ ಮೋಟಾರಿಗೆ ಎಷ್ಟು ಕಿಲೋ ಹೋಗುತ್ತದೆ ಎಂಬ ಪುಸ್ತಕವನ್ನು ಮೊದಲ ಪುಟದಿಂದ ಬರೆಯಬೇಕಾಯಿತು, ಏಕೆಂದರೆ ಅಲ್ಲಿಯವರೆಗೆ ಯಾರೂ ಅದನ್ನು ತೂಗಿ ನೋಡಿರಲಿಲ್ಲ.