ಮುಖಪುಟದ ಚಿತ್ರ ಬೆನ್ನು ದಾಟಿ ಹಿಂಬದಿಗೆ ಹರಿಯಬೇಕಾದರೆ

ಪ್ರಶ್ನೆ: ನನ್ನ ಕಥಾಸಂಕಲನದ ಮುಖಪುಟಕ್ಕೆ ಊರಿನ ಕೆರೆಯ ಫೋಟೋ ಆರಿಸಿದ್ದೇವೆ. ಅದೇ ಚಿತ್ರ ಪುಸ್ತಕದ ಬೆನ್ನಿನ ಮೇಲೂ ಹಿಂಬದಿಯ ಮೇಲೂ ಮುಂದುವರಿಯಬೇಕು ಅಂತ ಆಸೆ. ಮುಂದಿನದು, ಬೆನ್ನು, ಹಿಂದಿನದು ಅಂತ ಮೂರು ಜೆಪಿಜಿ ಮಾಡಿ ಕೊಟ್ಟರೆ ಪ್ರೆಸ್‌ನವರು ಜೋಡಿಸಿಕೊಳ್ಳುತ್ತಾರಲ್ಲವೇ?

ಉತ್ತರ: ಜೋಡಿಸಿಕೊಳ್ಳುತ್ತಾರೆ. ತೊಂದರೆ ಇರುವುದೇ ಅಲ್ಲಿ.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಕೇಳುವವರು ಬೇರೆ ಬೇರೆ, ತಲೆಯಲ್ಲಿರುವ ಕಲ್ಪನೆ ಮಾತ್ರ ಒಂದೇ: ಹೊದಿಕೆ ಎಂದರೆ ಮೂರು ಚಿತ್ರ, ಅವುಗಳ ನಡುವೆ ಎರಡು ಗೆರೆ, ಪುಸ್ತಕ ಸರಿಯಾಗಿ ಆ ಗೆರೆಯ ಮೇಲೇ ಮಡಚಿಕೊಳ್ಳುತ್ತದೆ. ಕಂಪ್ಯೂಟರ್ ಪರದೆಯ ಮೇಲೆ ಅದು ನಿಜ. ಬೈಂಡಿಂಗ್ ಮೇಜಿನ ಮೇಲೆ ಅಲ್ಲ.

ನಿಮ್ಮ ಹೊದಿಕೆ ಪ್ರೆಸ್‌ನಲ್ಲಿ ಏನೇನು ಅನುಭವಿಸುತ್ತದೆ ನೋಡಿ. ಮೊದಲು ದಪ್ಪ ಆರ್ಟ್ ಬೋರ್ಡಿನ ಮೇಲೆ ಅಚ್ಚಾಗುತ್ತದೆ. ಮೇಲೆ ಲ್ಯಾಮಿನೇಶನ್ ಬೀಳುತ್ತದೆ. ಮಡಿಕೆ ಬರುವ ಕಡೆ ಕ್ರೀಸಿಂಗ್ ಹೊಡೆಯುತ್ತಾರೆ. ಒಳಪುಟಗಳ ಕಟ್ಟಿನ ಬೆನ್ನನ್ನು ಕೆರೆದು, ಬಿಸಿ ಗೋಂದು ಸವರಿ, ಹೊದಿಕೆಯನ್ನು ಅದಕ್ಕೆ ಒತ್ತುತ್ತಾರೆ. ಇಷ್ಟೆಲ್ಲ ಆದ ಮೇಲೆ, ಕಟ್ಟಕಡೆಗೆ, ಮೂರು ಬದಿ ಕಟಿಂಗ್. ಒಂದೊಂದು ಹಂತದಲ್ಲೂ ಹಾಳೆ ಕೂದಲೆಳೆಯಷ್ಟು ಅತ್ತಿತ್ತ ಆಗುತ್ತದೆ. ಎಲ್ಲ ಸೇರಿದಾಗ ಮಡಿಕೆ ನೀವು ಹಾಕಿದ ಗೆರೆಯಿಂದ ಒಂದು ಮಿಲಿಮೀಟರ್ ಸರಿದಿದ್ದರೆ ಯಾರನ್ನೂ ಬೈಯುವಂತಿಲ್ಲ, ಅದು ಕೆಲಸದ ಸ್ವಭಾವ. ಒಂದೇ ಕಂತಿನ ಐನೂರು ಪ್ರತಿಗಳಲ್ಲೂ ಅದು ಒಂದೇ ಸಮ ಇರುವುದಿಲ್ಲ.

ಈಗ ಯೋಚಿಸಿ. ಬೆನ್ನು ಕಡುಗೆಂಪು, ಎರಡೂ ಬದಿ ಹಳದಿ ಎಂದಿಟ್ಟುಕೊಳ್ಳಿ. ಮಡಿಕೆ ಒಂದು ಮಿಲಿಮೀಟರ್ ಸರಿದರೆ ಮುಖಪುಟದ ಎಡ ಅಂಚಿನಲ್ಲಿ ಕೆಂಪು ದಾರದ ಹಾಗೆ ಗೆರೆ ಇಣುಕುತ್ತದೆ, ಬೆನ್ನಿನ ಇನ್ನೊಂದು ಅಂಚಿಗೆ ಹಳದಿ ಬರುತ್ತದೆ. ಎರಡು ಮೀಟರ್ ದೂರದಿಂದಲೂ ಕಾಣುತ್ತದೆ. ಅದೇ ಜಾಗದಲ್ಲಿ ಕೆರೆಯ ನೀರು ಎಡೆಬಿಡದೆ ಹರಿದಿದ್ದರೆ? ಮಡಿಕೆ ಸರಿದಿದೆ ಅಂತ ಪ್ರೆಸ್‌ನವರಿಗೂ ಗೊತ್ತಾಗುವುದಿಲ್ಲ. ಮಡಿಕೆ ಎಲ್ಲಿ ಬಿದ್ದರೂ ಅಲ್ಲಿ ನೀರೇ ಇದೆ.

ನಾನು ಇದನ್ನು ಕಲಿತದ್ದು ಪುಸ್ತಕ ಓದಿ ಅಲ್ಲ. ನನ್ನ ಮೊದಲ ಹೊದಿಕೆಯ ಬಣ್ಣ ಇದೇ ಕೆಂಪು, ಇದೇ ಹಳದಿ. ಬೆನ್ನು 12 ಮಿಲಿಮೀಟರ್ ಇರಬಹುದು ಅಂತ ಅಂದಾಜಿನ ಮೇಲೆ ಮಾಡಿದ್ದೆ, ಪುಸ್ತಕ 9ಕ್ಕೆ ಬಂತು. ಎರಡೂ ಬದಿಗೆ ಒಂದೂವರೆ ಮಿಲಿಮೀಟರ್ ಕೆಂಪು ಗೆರೆ. ಲೇಖಕರು ನೋಡಿ "ಸೀರೆ ಅಂಚಿನ ಹಾಗೆ ಚೆನ್ನಾಗಿದೆ" ಅಂದರು. ನಾನು ಹೌದೌದು ಅಂದೆ.

ಆದ್ದರಿಂದ ಬೆನ್ನಿಗೆ ಬೇರೆ ತುಂಡು ಚಿತ್ರ ಮಾಡಿದರೆ ಅಚ್ಚುಕಟ್ಟು, ಒಂದೇ ಚಿತ್ರ ಹಬ್ಬಿಸುವುದು ಶೋಕಿ ಅನ್ನುವ ಮಾತು ತಲೆಕೆಳಗು. ಹಬ್ಬಿಸಿದ ಚಿತ್ರವೇ ತಪ್ಪನ್ನು ನುಂಗಿಕೊಳ್ಳುತ್ತದೆ. ಅದನ್ನು ಮೂರು ತುಂಡು ಮಾಡಿ ಕೊಟ್ಟರೆ ಆ ಲಾಭ ಕೈಬಿಡುತ್ತದೆ. ಪ್ರತಿ ತುಂಡಿನ ಬಣ್ಣ, ಬೆಳಕು ಬೇರೆ ಬೇರೆಯಾಗಿ ತಿದ್ದಿರುತ್ತೀರಿ, ಜೋಡಿಸಿದ ಕಡೆ ನೀರಿನ ಬಣ್ಣ ತಟ್ಟನೆ ಬದಲಾಗುತ್ತದೆ. ಇನ್ನು ಬೆನ್ನಿನ ಅಗಲ ಒಂದು ಮಿಲಿಮೀಟರ್ ಬದಲಾದರೆ ಜೋಡಿಸುವವರು ಪಾಪ ಏನು ಮಾಡುತ್ತಾರೆ? ಬೆನ್ನಿನ ತುಂಡನ್ನು ಎಳೆದು ಅಗಲ ಮಾಡುತ್ತಾರೆ. ಏರಿಯ ಮೇಲಿನ ಗೆರೆ ಅಲ್ಲಿ ಮುರಿಯುತ್ತದೆ.

ಇಷ್ಟಕ್ಕೂ "ಪ್ರೆಸ್‌ನವರು ಮೂರು ಫೈಲ್ ಕೇಳಿದ್ದರು" ಅನ್ನುವವರಿದ್ದಾರೆ. ಅವರು ಕೇಳುವುದು ಸಾಮಾನ್ಯವಾಗಿ ಒಳಪುಟ ಒಂದು, ಹೊದಿಕೆ ಒಂದು. ಕೇಳಿ ನೋಡಿ.

ಸರಿ, ಮಾಡುವುದು ಹೇಗೆ? ಮೊದಲು ಅಳತೆ. ನಿಮ್ಮದು 1/8 ಡೆಮಿ ಅಂದುಕೊಳ್ಳುತ್ತೇನೆ, ನಮ್ಮಲ್ಲಿ ಕಥೆ ಕಾದಂಬರಿ ಹೆಚ್ಚಾಗಿ ಅದೇ ಆಕಾರ. ಅಂದರೆ ಸುಮಾರು 140 × 216 ಮಿಲಿಮೀಟರ್. ಪುಟ 200 ಎಂದರೆ ಹಾಳೆ 100. 70 ಜಿಎಸ್‌ಎಂ ಮ್ಯಾಪ್‌ಲಿಥೋ ಹಾಳೆ ಸುಮಾರು 0.09 ಮಿಲಿಮೀಟರ್ ದಪ್ಪ, ಆದ್ದರಿಂದ ಬೆನ್ನು 9ರ ಆಸುಪಾಸು. ಆದರೆ ಲೆಕ್ಕವನ್ನೇ ನಂಬಬೇಡಿ. ಜಿಎಸ್‌ಎಂ ಹೇಳುವುದು ಕಾಗದದ ತೂಕ, ಅದು ಒಂದೇ ಇದ್ದರೂ ಕಾಗದದಿಂದ ಕಾಗದಕ್ಕೆ ದಪ್ಪ ಬೇರೆ. ಯಾವ ಕಾಗದದಲ್ಲಿ ಅಚ್ಚಾಗುತ್ತದೋ ಅದೇ ಕಾಗದದ ಖಾಲಿ ಡಮ್ಮಿಯನ್ನು ಪ್ರೆಸ್‌ನಿಂದ ಕೇಳಿ, ಗಟ್ಟಿಯಾಗಿ ಒತ್ತಿ ಹಿಡಿದು ಅಳೆಯಿರಿ.

ಕೋರಲ್‌ಡ್ರಾ ಆಗಲಿ, ಇನ್‌ಡಿಸೈನ್ ಆಗಲಿ, ಪುಟ ಒಂದೇ: 140 + 9 + 140, ಅಂದರೆ 289 ಮಿಲಿಮೀಟರ್ ಅಗಲ, 216 ಎತ್ತರ. ಸುತ್ತಲೂ 3 ಮಿಲಿಮೀಟರ್ ಬ್ಲೀಡ್, ಅಂದರೆ ಕಟಿಂಗ್‌ನಲ್ಲಿ ಹೋಗಲೆಂದೇ ಅಂಚಿನಾಚೆ ಹೆಚ್ಚಿಗೆ ಬಿಡುವ ಚಿತ್ರ. ಎಡದಿಂದ 140ರಲ್ಲಿ ಒಂದು ಗೈಡ್, 149ರಲ್ಲಿ ಇನ್ನೊಂದು. ಎಡಭಾಗ ಹಿಂಬದಿ, ಬಲಭಾಗ ಮುಖಪುಟ. ಇದನ್ನು ತಿರುಗುಮುರುಗು ಮಾಡಿದವರನ್ನೂ ನೋಡಿದ್ದೇನೆ, ಆದ್ದರಿಂದ ಹೇಳುತ್ತಿದ್ದೇನೆ.

ಬ್ಲೀಡ್ ಸೇರಿಸಿದರೆ ಚಿತ್ರ ಬೇಕಾಗುವುದು 295 × 222 ಮಿಲಿಮೀಟರ್‌ಗೆ. ಇಲ್ಲೊಂದು ಮಜಾ ಇದೆ. ಈ ಎರಡರ ಅನುಪಾತ ಹೆಚ್ಚುಕಡಿಮೆ 4:3. ಮೊಬೈಲ್ ಕ್ಯಾಮೆರಾ ಕೊಡುವ ಫೋಟೋದ ಆಕಾರವೂ ಅದೇ. ಅಂದರೆ ಅಡ್ಡ ಹಿಡಿದು ತೆಗೆದ 4000 × 3000 ಪಿಕ್ಸೆಲ್‌ನ ಫೋಟೋ ಇಡೀ ಹೊದಿಕೆಗೆ ಹೊಲಿಸಿದ ಅಂಗಿಯ ಹಾಗೆ ಕೂರುತ್ತದೆ, ಇಂಚಿಗೆ 340 ಪಿಕ್ಸೆಲ್‌ಗಿಂತ ಹೆಚ್ಚು ಉಳಿಯುತ್ತದೆ. ಅಚ್ಚಿಗೆ 300 ಸಾಕು. ಅದೇ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಕುಗ್ಗಿ 1600 ಪಿಕ್ಸೆಲ್ ಆಗಿ ಬಂದರೆ ಇಂಚಿಗೆ 138 ಸಿಗುತ್ತದೆ, ನೀರಿನ ಅಲೆಗಳೆಲ್ಲ ಕಲಸಿದ ರಾಗಿಮುದ್ದೆ. ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಗೋಳು ಏನೆಂದರೆ, ಜನ ಮುಖಪುಟದ ಆಕಾರ ಮನಸ್ಸಿನಲ್ಲಿಟ್ಟುಕೊಂಡು ಫೋಟೋವನ್ನು ಉದ್ದಕ್ಕೆ ಹಿಡಿದು ತೆಗೆದಿರುತ್ತಾರೆ. ಮತ್ತೊಮ್ಮೆ ಕೆರೆಗೆ ಹೋಗುವುದಾದರೆ ಅಡ್ಡ ಹಿಡಿಯಿರಿ, ಮುಖ್ಯ ವಸ್ತು, ಅಂದರೆ ಆ ಒಂಟಿ ಮರವೋ ದೋಣಿಯೋ, ಬಲ ಅರ್ಧದ ನಡುವೆ ಬರಲಿ. ಎಡ ಅರ್ಧದಲ್ಲಿ ಏನೂ ಇಲ್ಲದಿದ್ದರೆ ಅತ್ಯುತ್ತಮ: ಅಲ್ಲಿ ಬೆನ್ನುಡಿ ಬರಬೇಕು, ಸುಮಾರು 37 × 26 ಮಿಲಿಮೀಟರ್‌ನ ಬಾರ್‌ಕೋಡ್ ಬಿಳಿ ಚೌಕದಲ್ಲಿ ಕೂರಬೇಕು.

ಹೋಗುವುದಾಗದಿದ್ದರೆ ಇರುವ ಉದ್ದ ಫೋಟೋವನ್ನು ಮುಖಪುಟದ ಕಡೆ ಇಟ್ಟು ಎಡಕ್ಕೆ ಹಿನ್ನೆಲೆ ಬೆಳೆಸಬೇಕು. ಎಳೆದು ಅಗಲ ಮಾಡಬೇಡಿ, ದೋಣಿ ತೆಪ್ಪವಾಗುತ್ತದೆ. ಕನ್ನಡಿಯ ಬಿಂಬದ ಹಾಗೆ ತಿರುಗಿಸಿ ಹಿಂಬದಿಗೆ ಅಂಟಿಸುವುದು ಬರೀ ಮೋಡಕ್ಕೆ ಸರಿ, ಮರವಿದ್ದರೆ ಅವಳಿ ಮರ ಹುಟ್ಟುತ್ತದೆ. ನನ್ನ ದಾರಿ ಹೀಗೆ: ಫೋಟೋಶಾಪ್‌ನ `Canvas Size` ನಲ್ಲಿ ಆ್ಯಂಕರ್ ಬಲಕ್ಕೆ ಇಟ್ಟು ಎಡಕ್ಕೆ ಜಾಗ ಹೆಚ್ಚಿಸಿಕೊಂಡು, ಚಿತ್ರದ ಎಡ ಅಂಚಿನ ನೀರು, ಆಕಾಶಗಳಿಂದಲೇ ಬಣ್ಣ ಎತ್ತಿಕೊಂಡು, ಫೋಟೋವನ್ನು ನಿಧಾನವಾಗಿ ಆ ಬಣ್ಣದಲ್ಲಿ ಕರಗಿಸುತ್ತೇನೆ. ಕರಗುವಿಕೆ ಮುಖಪುಟದಲ್ಲೇ ಶುರುವಾಗಿ ಬೆನ್ನು ದಾಟಿ ಹಿಂಬದಿಯ ಒಳಗೆ ಮುಗಿಯಬೇಕು. ಸರಿಯಾಗಿ ಮಡಿಕೆಯ ಮೇಲೆ ಮುಗಿಸಿದರೆ ಮತ್ತೆ ಅದೇ ಪಟ್ಟಿ, ಅದೇ ಸೀರೆ ಅಂಚು. ಮೇಲಿಂದ ಚೂರು ನಾಯ್ಸ್ ಉದುರಿಸಿ, ಇಲ್ಲದಿದ್ದರೆ ನಯವಾದ ಬಣ್ಣ ಅಚ್ಚಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ.

ಎಡ ಅಂಚಿನ ಆಚೆಗೆ 10 ಮಿಲಿಮೀಟರ್ ಚಿತ್ರ ಹೆಚ್ಚಿಗೆ ಇಟ್ಟುಕೊಂಡಿರಿ. ಫೈಲ್ ಹೋಗುವ ಹಿಂದಿನ ರಾತ್ರಿ ಹಿರಿಯರೊಬ್ಬರ ಮುನ್ನುಡಿ ಬಂದೇ ಬರುತ್ತದೆ. ಹದಿನಾರು ಪುಟ ಎಂದರೆ ಎಂಟು ಹಾಳೆ, ಬೆನ್ನು 0.7 ಮಿಲಿಮೀಟರ್ ಬೆಳೆಯಿತು. ಆಗ ಮುಖಪುಟವನ್ನಾಗಲಿ ಚಿತ್ರವನ್ನಾಗಲಿ ಮುಟ್ಟಬೇಡಿ. ಪುಟದ ಅಗಲವನ್ನು ಎಡಕ್ಕೆ 0.7 ಹೆಚ್ಚಿಸಿ, ಎಡ ಗೈಡನ್ನೂ ಹಿಂಬದಿಯ ಬರಹವನ್ನೂ ಅಷ್ಟೇ ಎಡಕ್ಕೆ ಸರಿಸಿ, ಬೆನ್ನಿನ ಅಕ್ಷರವನ್ನು ಅದರ ಅರ್ಧ ಸರಿಸಿ. ಐದು ನಿಮಿಷದ ಕೆಲಸ. ಮೂರು ಜೆಪಿಜಿ ಮಾಡಿಕೊಂಡವರು ಆ ರಾತ್ರಿ ಮಲಗುವುದಿಲ್ಲ.

ಕೊಡುವ ಮುನ್ನ ಒಂದು ಪರೀಕ್ಷೆ. ಎ4 ಹಾಳೆಯಲ್ಲಿ ಅಡ್ಡಲಾಗಿ, ನೂರಕ್ಕೆ ನೂರು ಅಳತೆಯಲ್ಲಿ ಪ್ರಿಂಟ್ ತೆಗೆಯಿರಿ. ಅಂಚು ಚೂರು ಕತ್ತರಿಸುತ್ತದೆ, ಚಿಂತೆಯಿಲ್ಲ. ಅದೇ ಗಾತ್ರದ ಯಾವುದಾದರೂ ಪುಸ್ತಕಕ್ಕೆ ಹೊದಿಸಿ ಕಪಾಟಿನಲ್ಲಿ ನಿಲ್ಲಿಸಿ. ಅಲ್ಲಿ ಕಾಣುವುದು ನಿಮ್ಮ ಕೆರೆಯ 9 ಮಿಲಿಮೀಟರ್ ಸೀಳು ಮಾತ್ರ. ಆ ಸೀಳಿನ ಮೇಲರ್ಧ ಬಿಳಿ ಮೋಡ, ಕೆಳಗರ್ಧ ಕಪ್ಪು ಏರಿ ಆಗಿದ್ದರೆ ಬಿಳಿ ಅಕ್ಷರ ಅರ್ಧ ಕಾಣೆ, ಕಪ್ಪು ಅಕ್ಷರ ಇನ್ನರ್ಧ ಕಾಣೆ. ಆಗ ಬೆನ್ನಿಗೆ ಪಟ್ಟಿ ಬಳಿಯುವ ಆಸೆ ಬರುತ್ತದೆ. ಬಳಿಯಬೇಡಿ. ಚಿತ್ರವನ್ನು ಸ್ವಲ್ಪ ಸರಿಸಿ, ಅಥವಾ ಆ ಭಾಗವನ್ನು ಮೆಲ್ಲಗೆ ಕಪ್ಪಾಗಿಸುತ್ತಾ ಎರಡೂ ಬದಿಗೆ ಕರಗಿಸಿ. ಹಾಗೆಯೇ ಬೆನ್ನಿನಿಂದ ಆರೇಳು ಮಿಲಿಮೀಟರ್ ಒಳಗೆ, ಹೊದಿಕೆ ತೆರೆಯುವ ಕಡೆ ಇನ್ನೊಂದು ಕ್ರೀಸ್ ಬೀಳುವುದುಂಟು. ಯಾರ ಮುಖವೂ ಅಲ್ಲಿ ಬರದಿರಲಿ.

ಬೆನ್ನಿನ ಅಕ್ಷರದ ಮಾತು ಬಂದದ್ದರಿಂದ, ನೀವು ಕೇಳದ ಒಂದು ವಿಷಯ. ಹೆಸರು ಮೇಲಿನಿಂದ ಕೆಳಕ್ಕೆ ಓದುವಂತಿರಲಿ, ಪುಸ್ತಕವನ್ನು ಮುಖಪುಟ ಮೇಲೆ ಮಾಡಿ ಮಲಗಿಸಿದರೆ ಆಗ ಬೆನ್ನಿನ ಹೆಸರು ನೆಟ್ಟಗೆ ಓದಬರುತ್ತದೆ. ಮಡಿಕೆ ಸರಿಯುವ ಭಯಕ್ಕೆ ಎರಡೂ ಬದಿ ಒಂದೂವರೆ ಮಿಲಿಮೀಟರ್ ಬಿಟ್ಟರೆ ಅಕ್ಷರಕ್ಕೆ ಸಿಗುವುದು ಆರೇ ಮಿಲಿಮೀಟರ್. ಇಂಗ್ಲಿಷಿಗೆ ಅದು ಧಾರಾಳ. ನಮಗೆ ಅದರಲ್ಲೇ ಗುಡಿಸು ಮೇಲೆ, ಒತ್ತು ಕೆಳಗೆ. "ಸ್ತ್ರೀ" ಎಂದು ಬರೆದು ನೋಡಿ, ಮೂಲ ಅಕ್ಷರಕ್ಕೆ ಉಳಿಯುವುದು ಮೂರು ಮಿಲಿಮೀಟರ್ ಚಿಲ್ಲರೆ. ಸಾಫ್ಟ್‌ವೇರ್‌ನ ಸೆಂಟರ್ ಬಟನ್ ಒತ್ತನ್ನೂ ಸೇರಿಸಿ ಅಳೆಯುವುದರಿಂದ, ಒಂದೇ ಒಂದು ಒತ್ತಕ್ಷರವಿರುವ ಶೀರ್ಷಿಕೆಯ ಮಿಕ್ಕೆಲ್ಲ ಅಕ್ಷರಗಳು ಮುಖಪುಟದ ಕಡೆ ವಾಲಿದಂತೆ ಕಾಣುತ್ತವೆ. ಒತ್ತನ್ನು ಮರೆತು, ಮೂಲ ಅಕ್ಷರಗಳ ಸಾಲನ್ನು ನಡುವಿಗೆ ತಂದು, ಆಮೇಲೆ ಒತ್ತು ಹಿಂಬದಿಯ ಮಡಿಕೆಗೆ ತಾಗುತ್ತದೆಯೇ ಎಂದು ನೋಡಿ. ತಾಗಿದರೆ ಅಕ್ಷರ ಒಂದು ಪಾಯಿಂಟ್ ಇಳಿಸಿ, ಅಕ್ಷರಗಳನ್ನೆಲ್ಲ ಕರ್ವ್ಸ್‌ಗೆ, ಅಂದರೆ ಫಾಂಟ್ ಬೇಡದ ಬರೀ ಆಕೃತಿಗಳಿಗೆ ಬದಲಿಸಿ, ಒಂದೇ ಪಿಡಿಎಫ್ ಮಾಡಿ ಕಳಿಸಿ.