ಅಡ್ವಾನ್ಸ್‌ನಲ್ಲಿ ಮುರಿದುಕೊಂಡ ಬಾಡಿಗೆಗೂ ಟಿಡಿಎಸ್ ಇದೆ

ಬೆಂಗಳೂರಲ್ಲಿ ಮನೆ ಖಾಲಿ ಮಾಡುವಾಗ ಎಲ್ಲರೂ ಹೇಳುವ ಮಾತು ಒಂದೇ: "ಕೊನೆ ತಿಂಗಳ ಬಾಡಿಗೆ ಅಡ್ವಾನ್ಸ್‌ನಲ್ಲೇ ಮುರ್ಕೊಳ್ಳಿ ಸಾರ್." ಬಾಡಿಗೆಯಲ್ಲಿ ಹಿಡಿದು ಸರ್ಕಾರಕ್ಕೆ ಕಟ್ಟಬೇಕಾದ ತೆರಿಗೆ, ಅಂದರೆ ಟಿಡಿಎಸ್, ಮರೆತುಹೋಗುವುದೂ ಇಲ್ಲೇ. ಈ ಟಿಪ್ಪಣಿ 2025-26ನೇ ಆರ್ಥಿಕ ವರ್ಷದ್ದು. ಆಗ ಇದ್ದದ್ದು 1961ರ ಆದಾಯ ತೆರಿಗೆ ಕಾಯ್ದೆಯ 194-ಐಬಿ ಕಲಂ.

ತಿಂಗಳ ಬಾಡಿಗೆ 50,000 ರೂಪಾಯಿ ದಾಟಿದರೆ, ಸಂಬಳದಾರ ಬಾಡಿಗೆದಾರನೂ 2% ಹಿಡಿಯಬೇಕು. 2024ರ ಸೆಪ್ಟೆಂಬರ್‌ವರೆಗೆ ಇದು 5% ಇತ್ತು. ದಾಟಿದ ಭಾಗಕ್ಕಷ್ಟೇ ಅಲ್ಲ, ಪೂರ್ತಿ ಬಾಡಿಗೆಗೆ. ಆದರೆ ಪ್ರತಿ ತಿಂಗಳೂ ಹಿಡಿಯಬೇಕಿಲ್ಲ. ಮಾರ್ಚ್‌ನಲ್ಲಿ ಒಂದೇ ಸಲ. ನಡುವೆ ಮನೆ ಬಿಟ್ಟರೆ, ಬಿಡುವ ತಿಂಗಳಲ್ಲಿ.

ಜಯನಗರದಲ್ಲಿ 55,000ದ ಮನೆ ಅಂದುಕೊಳ್ಳಿ. ಅಡ್ವಾನ್ಸ್ 3 ಲಕ್ಷ. ಏಪ್ರಿಲ್‌ನಿಂದ ಇದ್ದು, ಜನವರಿ 31ಕ್ಕೆ ಖಾಲಿ. ಹತ್ತು ತಿಂಗಳಿಗೆ 5,50,000, ಅದರ 2% ಅಂದರೆ 11,000. ಜನವರಿ ಬಾಡಿಗೆಯನ್ನು ನೀವು ಕೈಯಿಂದ ಕೊಡದಿದ್ದರೂ ಅದು ಬಾಡಿಗೆಯೇ. ವಾಪಸ್ ಬರುವ ಅಡ್ವಾನ್ಸ್ ಬಾಡಿಗೆಯಲ್ಲ, ಮುರಿದುಕೊಂಡ ಕ್ಷಣಕ್ಕೆ ಬಾಡಿಗೆಯಾಗುತ್ತದೆ.

ಓನರ್ ಸಾಮಾನ್ಯವಾಗಿ ಹಾಕುವ ಲೆಕ್ಕ: 3,00,000ದಲ್ಲಿ ಬಾಡಿಗೆ 55,000, ಪೇಂಟಿಂಗ್ 30,000 ಕಳೆದು 2,15,000 ವಾಪಸ್. ಸರಿಯಾದ ಲೆಕ್ಕದಲ್ಲಿ ಅವರು ಬಾಡಿಗೆಗೆ ಮುರಿದುಕೊಳ್ಳಬೇಕಾದ್ದು 44,000 ಮಾತ್ರ, ನಿಮಗೆ 2,26,000 ಬರಬೇಕು. ಜಾಸ್ತಿ ಬಂದ 11,000 ನಿಮ್ಮದಲ್ಲ, ಸರ್ಕಾರಕ್ಕೆ ಕಟ್ಟಬೇಕಾದದ್ದು. ಓನರ್‌ಗೂ ನಷ್ಟವಿಲ್ಲ, ಅವರ ರಿಟರ್ನ್‌ನಲ್ಲಿ ಅದು ಕಟ್ಟಿದ ತೆರಿಗೆಯಾಗಿ ಸಿಗುತ್ತದೆ. ಕೀ ಕೊಡುವ ಮುಂಚೆಯೇ ಇದನ್ನು ಮಾತಾಡಿಬಿಡಿ. ಅಡ್ವಾನ್ಸ್ ಕೈಗೆ ಬಂದ ಮೇಲೆ ಕೇಳಿದರೆ "ಅದೆಲ್ಲ ಸೆಟಲ್ ಆಯ್ತಲ್ಲ" ಅಂತಾರೆ. ಆಗಲೂ ಕಟ್ಟುವ ಹೊಣೆ ನಿಮ್ಮದೇ.

ಕಟ್ಟುವುದಕ್ಕೆ ತೆರಿಗೆ ಹಿಡಿಯುವವರು ಪಡೆಯುವ ಟ್ಯಾನ್ ನಂಬರ್ ಬೇಡ, ಎರಡೂ ಕಡೆಯ ಪ್ಯಾನ್ ಸಾಕು. incometax.gov.in ತಾಣದ e-Pay Tax ಭಾಗದಲ್ಲಿ 26QC ಫಾರ್ಮ್ ತುಂಬಿ ಹಣ ಕಟ್ಟಬೇಕು. ಹಿಡಿದ ತಿಂಗಳು ಮುಗಿದ ಮೇಲೆ 30 ದಿನ ಗಡುವು, ಅಂದರೆ ನಮ್ಮ ಉದಾಹರಣೆಗೆ 2026ರ ಮಾರ್ಚ್ 2. ಆಮೇಲೆ 15 ದಿನದೊಳಗೆ ಟ್ರೇಸಸ್ ತಾಣದಿಂದ ಟಿಡಿಎಸ್ ಪ್ರಮಾಣಪತ್ರವಾದ 16C ಇಳಿಸಿ ಓನರ್‌ಗೆ ಕೊಡಬೇಕು. ಫಾರ್ಮ್ ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಅದು ಟಿಡಿಎಸ್ ಮೊತ್ತವನ್ನು ಮೀರುವುದಿಲ್ಲ. ಆದರೂ 55 ದಿನಕ್ಕೆ 11,000 ಆಗಿಬಿಡುತ್ತೆ ಅಲ್ವಾ! ಬಡ್ಡಿ ಬೇರೆ.

ಓನರ್ ಪ್ಯಾನ್ ಕೊಡದಿದ್ದರೆ ದರ 20%. ಆದರೆ ಕೊನೆ ತಿಂಗಳ ಬಾಡಿಗೆಗಿಂತ ಜಾಸ್ತಿ ಹಿಡಿಯುವಂತಿಲ್ಲ, ಇಲ್ಲಿ 55,000. ಪ್ಯಾನ್‌ನಲ್ಲಿ ಒಂದಕ್ಷರ ತಪ್ಪಿದರೂ ಹಣ ಓನರ್‌ರ 26AS ಪಟ್ಟಿಯಲ್ಲಿ ಕಾಣುವುದಿಲ್ಲ. ಸ್ವಲ್ಪ ದಿನ ಬಿಟ್ಟು ಅವರಿಗೊಂದು ಫೋನ್ ಮಾಡಿ, ಬಂದಿದೆಯಾ ಅಂತ ಕೇಳಿ.

ಓನರ್ ಅಮೆರಿಕಾದಲ್ಲೋ ದುಬೈಯಲ್ಲೋ ನೆಲೆಸಿದ ಎನ್‌ಆರ್‌ಐ ಆಗಿದ್ದರೆ ಈ ಕಲಮೇ ಅನ್ವಯಿಸಲ್ಲ. ಅದಕ್ಕೆ 195ನೇ ಕಲಂ, 50,000ದ ಮಿತಿಯೂ ಇಲ್ಲ, ಟ್ಯಾನ್ ಬೇಕೇ ಬೇಕು.