ಆರನೆಯ ಸಂದರ್ಶನದಿಂದ ಸೊನ್ನೆ

ಗುಣಾತ್ಮಕ ಸಂಶೋಧನೆಯ ಪ್ರಬಂಧವೊಂದು ಪರಿಶೀಲನೆಗೆ ಬಂದಾಗ, ವಿಧಾನದ ಭಾಗದಲ್ಲಿ ಹೆಚ್ಚಾಗಿ ಬೆನ್ನುಬೆನ್ನಿಗೇ ಬರುವ ಎರಡು ವಾಕ್ಯಗಳನ್ನು ನಾನು ಮೊದಲು ಹುಡುಕುತ್ತೇನೆ. ಹೊಸ ವಿಷಯಗಳು ಬರುವುದು ನಿಂತು ಸ್ಯಾಚುರೇಶನ್ ತಲುಪುವವರೆಗೆ ಸಂದರ್ಶನ ನಡೆಸಲಾಯಿತು ಎನ್ನುವುದು ಒಂದು. ಸಂದರ್ಶನದ ಮಾತಿನ ತುಣುಕುಗಳಿಗೆ ಅವುಗಳ ವಿಷಯ ಸೂಚಿಸುವ ಹೆಸರು, ಅಂದರೆ ಕೋಡ್, ಕೊಟ್ಟ ಇಬ್ಬರು ಕೋಡರ್‌ಗಳ ನಡುವಿನ ಒಪ್ಪಿಗೆಯನ್ನು ಅಳೆಯುವ ಕಪ್ಪಾ ಮೌಲ್ಯ ಇಷ್ಟಿತ್ತು ಎನ್ನುವುದು ಇನ್ನೊಂದು. ಇವೆರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸುವುದು ವಾಡಿಕೆ. ಆದರೆ ಒಂದನ್ನು ಸಾಧಿಸಲು ಮಾಡಿದ ಕೆಲಸವೇ ಇನ್ನೊಂದನ್ನು ಹುಟ್ಟಿಸಿರುವ ಸಾಧ್ಯತೆಯಿದ್ದು, ಅದು ಎರಡು ವಾಕ್ಯಗಳನ್ನೂ ಒಟ್ಟಿಗೆ ಓದಿದಾಗ ಮಾತ್ರ ಕಾಣುತ್ತದೆ. ಇದನ್ನು ನನಗೆ ಕಲಿಸಿದ ಒಂದು ಪ್ರಬಂಧದ ವಿಷಯವನ್ನು, ಯಾರದೆಂದು ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಇಲ್ಲಿ ಹೇಳುತ್ತೇನೆ.

ಔಷಧಿ ಕೊಡುವಾಗ ಆದ ತಪ್ಪನ್ನು ನರ್ಸ್‌ಗಳು ಏಕೆ ವರದಿ ಮಾಡುವುದಿಲ್ಲ ಎನ್ನುವುದು ಆ ಅಧ್ಯಯನದ ಪ್ರಶ್ನೆ. ಒಟ್ಟು 18 ಸಂದರ್ಶನಗಳು ನಡೆದಿದ್ದವು. ಹನ್ನೆರಡನೆಯದರ ಹೊತ್ತಿಗೆ ಸ್ಯಾಚುರೇಶನ್ ಆಗಿತ್ತು, ಖಚಿತಪಡಿಸಿಕೊಳ್ಳಲು ಇನ್ನೂ ಆರು ಸಂದರ್ಶನ ಮಾಡಿದೆವು, ಶೇಕಡಾ 20ರಷ್ಟು ಸಂದರ್ಶನಗಳನ್ನು ಇಬ್ಬರು ಸ್ವತಂತ್ರವಾಗಿ ಕೋಡ್ ಮಾಡಿದಾಗ ಕಪ್ಪಾ 0.86 ಬಂತು ಎಂದು ಲೇಖಕರು ಬರೆದಿದ್ದರು. ಓದಲು ಅಚ್ಚುಕಟ್ಟಾಗಿತ್ತು. ಪ್ರತಿ ಸಂದರ್ಶನದಲ್ಲಿ ಎಷ್ಟು ಹೊಸ ಕೋಡ್‌ಗಳು ಸೇರಿದವು ಎಂಬ ದಾಖಲೆಯನ್ನೂ, ಇಬ್ಬರು ಕೋಡರ್‌ಗಳು ಚರ್ಚೆಗೆ ಮುನ್ನ ತುಂಬಿದ ಹಾಳೆಗಳನ್ನೂ ಕಳಿಸುವಂತೆ ಸಂಪಾದಕರ ಮೂಲಕ ಕೇಳಿದೆ. ಅವರು ಕಳಿಸಿದರು; ಈ ಪ್ರಾಮಾಣಿಕತೆ ಎಲ್ಲರಲ್ಲೂ ಇರುವುದಿಲ್ಲ.

ಸ್ಯಾಚುರೇಶನ್ ಎಂಬ ಮಾತು 1967ರಲ್ಲಿ ಗ್ಲೇಸರ್ ಮತ್ತು ಸ್ಟ್ರಾಸ್ ಅವರಿಂದ ಬಂದದ್ದು. ವಿಶ್ಲೇಷಣೆ ಮಾಡುತ್ತಲೇ ಮುಂದೆ ಯಾರನ್ನು ಕಾಣಬೇಕೆಂದು ನಿರ್ಧರಿಸುವ ಕ್ರಮದಲ್ಲಿ, ಒಂದು ಪರಿಕಲ್ಪನೆಯ ಬಗ್ಗೆ ಹೊಸ ಮಾಹಿತಿಯಿಂದ ತಿಳಿಯುವುದು ಏನೂ ಉಳಿದಿಲ್ಲ ಎನ್ನುವ ಹಂತಕ್ಕೆ ಅವರು ಆ ಹೆಸರು ಕೊಟ್ಟಿದ್ದರು. ಈಗಿನ ಪ್ರಬಂಧಗಳಲ್ಲಿ ಅದು ಬಹುಮಟ್ಟಿಗೆ 'ಹೊಸ ಕೋಡ್ ಬರಲಿಲ್ಲ' ಎನ್ನುವಷ್ಟಕ್ಕೆ ಇಳಿದಿದೆ. ಹನ್ನೆರಡು ಎಂಬ ಸಂಖ್ಯೆ ಇಷ್ಟು ಸಲ ಕಾಣಿಸಿಕೊಳ್ಳುವುದಕ್ಕೂ ಕಾರಣವಿದೆ. ಗೆಸ್ಟ್, ಬನ್ಸ್ ಮತ್ತು ಜಾನ್ಸನ್ 2006ರಲ್ಲಿ, ತಮ್ಮ 60 ಸಂದರ್ಶನಗಳಲ್ಲಿ ಮೊದಲ 12ರೊಳಗೇ ಸ್ಯಾಚುರೇಶನ್ ಆಯಿತೆಂದು ತೋರಿಸಿದ್ದರು. ಒಂದು ನಿರ್ದಿಷ್ಟ ವಿಷಯದ ಮೇಲೆ, ಸಾಕಷ್ಟು ಏಕರೂಪದ ಗುಂಪಿನೊಡನೆ, ನಿಗದಿತ ಪ್ರಶ್ನೆಗಳನ್ನಿಟ್ಟುಕೊಂಡು ನಡೆಸಿದ ಅಧ್ಯಯನದ ಫಲಿತಾಂಶವದು. ಉಲ್ಲೇಖಿಸುವವರು ಸಂಖ್ಯೆಯನ್ನು ಉಳಿಸಿಕೊಂಡು ಷರತ್ತುಗಳನ್ನು ಬಿಟ್ಟುಬಿಡುತ್ತಾರೆ.

ಈ ಲೇಖಕರ ದಾಖಲೆಯಲ್ಲಿ ಮೊದಲ ಐದು ಸಂದರ್ಶನಗಳಿಂದ ಬಂದ ಹೊಸ ಕೋಡ್‌ಗಳು ಕ್ರಮವಾಗಿ 17, 9, 6, 4 ಮತ್ತು 5, ಒಟ್ಟು 41. ಆರನೆಯದರಿಂದ ಹದಿನೆಂಟನೆಯದರವರೆಗೆ ಉದ್ದಕ್ಕೂ ಸೊನ್ನೆ. ಮಾತು ನಿಜವಾಗಿಯೂ ಬತ್ತುತ್ತಾ ಬಂದಾಗ ಅಂಕಿಗಳು ಹೀಗೆ ನಡೆದುಕೊಳ್ಳುವುದಿಲ್ಲ. ಎರಡು, ಸೊನ್ನೆ, ಒಂದು, ಸೊನ್ನೆ, ಸೊನ್ನೆ, ಮತ್ತೆ ಒಂದು ಎಂಬಂತೆ ತಡವರಿಸುತ್ತಾ ಇಳಿಯುತ್ತವೆ. ಐದನೆಯ ಸಂದರ್ಶನದಲ್ಲಿ ಐದು ಹೊಸ ಕೋಡ್‌ಗಳಿದ್ದು ಆರನೆಯದರಲ್ಲಿ ಒಂದೂ ಇಲ್ಲದೆ, ಮುಂದಿನ ಹನ್ನೆರಡು ಸಲವೂ ಒಂದೂ ಇಲ್ಲದಿದ್ದರೆ, ಜನ ಹೊಸದನ್ನು ಹೇಳುವುದು ನಿಂತಿದ್ದಕ್ಕಿಂತ ಕೋಡರ್‌ಗಳು ಹೊಸದನ್ನು ಬರೆದುಕೊಳ್ಳುವುದು ನಿಂತಿದೆ ಎಂದು ಅನುಮಾನಿಸಬೇಕು.

ಅನುಮಾನಕ್ಕೆ ಉತ್ತರ ಅವರ ದಾಖಲೆಯಲ್ಲೇ ಇತ್ತು. ಐದು ಸಂದರ್ಶನಗಳ ನಂತರ ಕೋಡ್‌ಗಳ ಪಟ್ಟಿಯಾದ ಕೋಡ್‌ಬುಕ್ಕನ್ನು 'ಅಂತಿಮಗೊಳಿಸಿ' ಅದರ ಮೇಲೆ ಎರಡನೆಯ ಕೋಡರ್‌ಗೆ ತರಬೇತಿ ಕೊಡಲಾಗಿತ್ತು. ಇಬ್ಬರ ನಡುವಿನ ಒಪ್ಪಿಗೆಯನ್ನು ಅಳೆಯಬೇಕಾದರೆ ಪಟ್ಟಿ ಸ್ಥಿರವಾಗಿರಬೇಕು. ಅಳೆಯುವ ಕೋಲೇ ದಿನಕ್ಕೊಂದು ಉದ್ದವಾಗುತ್ತಿದ್ದರೆ ಅಳತೆ ಸಾಧ್ಯವಿಲ್ಲ. ಹಾಗಾಗಿ ಅವರು ಮಾಡಿದ್ದು ಕಪ್ಪಾದ ದೃಷ್ಟಿಯಿಂದ ಸರಿಯೇ. ಆದರೆ ಪಟ್ಟಿ ಮುಚ್ಚಿದ ದಿನದಿಂದ ಹೊಸ ಕೋಡ್‌ಗೆ ಬಾಗಿಲೇ ಇರಲಿಲ್ಲ. ಹೊಂದದ ಮಾತುಗಳೆಲ್ಲ 'ಇತರೆ' ಎಂಬ ಕೋಡ್‌ಗೆ ಹೋಗುತ್ತಿದ್ದವು. ಮೊದಲ ಐದು ಸಂದರ್ಶನಗಳಲ್ಲಿ 'ಇತರೆ' ಎಂದು ಗುರುತಾದ ತುಣುಕುಗಳು 4, ಮುಂದಿನ ಏಳರಲ್ಲಿ 16, ಕೊನೆಯ ಆರರಲ್ಲಿ 41. ಸ್ಯಾಚುರೇಶನ್ ಖಚಿತಪಡಿಸಿಕೊಳ್ಳಲೆಂದು ಮಾಡಿದ ಆ ಆರು ಸಂದರ್ಶನಗಳು ಕೆಲಸಕ್ಕೆ ಸೇರಿ ಎರಡು ವರ್ಷ ತುಂಬದ ಕಿರಿಯರದ್ದು. ಮೊದಲ ಹನ್ನೆರಡೂ ಹಿರಿಯರದ್ದು. ಅತಿ ಹೆಚ್ಚು ಹೊಸ ಮಾತು ಬಂದ ಕಡೆಯೇ 'ಹೊಸದೇನೂ ಇಲ್ಲ' ಎಂಬ ತೀರ್ಮಾನ ದಾಖಲಾಗಿತ್ತು.

ಹದಿನಾಲ್ಕನೆಯ ಸಂದರ್ಶನದಿಂದ 'ಇತರೆ'ಗೆ ಹೋದ ಒಂದು ಮಾತು ಹೀಗಿತ್ತು: "ಫಾರಂ ತುಂಬಿದರೆ ತಪ್ಪು ನನ್ನದಾಗುತ್ತದೆ, ತುಂಬದಿದ್ದರೆ ಅದು ಆ ಪಾಳಿಯದು." ಕೋಡ್‌ಬುಕ್ಕಿನಲ್ಲಿ 'ಹೊಣೆ ಹೊರಿಸುವ ಭಯ' ಎಂಬ ಕೋಡ್ ಇತ್ತು. ಆದರೆ ಇಲ್ಲಿ ಮಾತನಾಡುತ್ತಿರುವವರು ಭಯವನ್ನಷ್ಟೇ ಹೇಳುತ್ತಿಲ್ಲ. ವರದಿ ಮಾಡುವ ಕ್ರಿಯೆಯೇ ಹಲವರ ನಡುವೆ ಹಂಚಿಹೋಗಿದ್ದ ತಪ್ಪನ್ನು ಒಬ್ಬರ ಹೆಸರಿಗೆ ಬರೆಯುತ್ತದೆ ಎನ್ನುತ್ತಿದ್ದಾರೆ. ಅಧ್ಯಯನದ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ಇಡೀ ಪ್ರಬಂಧದಲ್ಲಿ ನನಗೆ ಸಿಗಲಿಲ್ಲ.

ಇನ್ನು ಕಪ್ಪಾ. ಇಬ್ಬರೂ ಕೋಡ್ ಮಾಡಿದ ನಾಲ್ಕು ಸಂದರ್ಶನಗಳು 2, 3, 5 ಮತ್ತು 9ನೆಯವು; ಅವುಗಳಲ್ಲಿ ಮೂರು, ಕೋಡ್‌ಬುಕ್ಕನ್ನು ಕಟ್ಟಲು ಬಳಸಿದವೇ. ಪಟ್ಟಿ ಯಾವ ಮಾತುಗಳಿಂದ ಹುಟ್ಟಿತೋ ಆ ಮಾತುಗಳಿಗೆ ಅದು ಚೆನ್ನಾಗಿ ಹೊಂದುವುದರಲ್ಲಿ ಆಶ್ಚರ್ಯವಿಲ್ಲ. ಜೊತೆಗೆ 0.86 ಎನ್ನುವುದು ಇಬ್ಬರೂ ಕೂತು ಚರ್ಚಿಸಿ ಭಿನ್ನಾಭಿಪ್ರಾಯಗಳನ್ನು ತಿದ್ದಿಕೊಂಡ ನಂತರದ ಅಂಕಿ. ಚರ್ಚೆ ಮಾಡುವುದು ತಪ್ಪಲ್ಲ, ವಿಶ್ಲೇಷಣೆಗೆ ಅದು ಬೇಕೇ ಬೇಕು. ಆದರೆ ಚರ್ಚಿಸಿ ಒಪ್ಪಿದ ಮೇಲೆ ಒಪ್ಪಿಗೆಯನ್ನು ಅಳೆದರೆ ಸಿಗುವುದು ಆ ಚರ್ಚೆ ಎಷ್ಟು ಸಫಲವಾಯಿತು ಎಂಬ ಮಾಹಿತಿ ಮಾತ್ರ. ಅದನ್ನು 'ಸ್ವತಂತ್ರವಾಗಿ' ಎಂಬ ಪದದೊಡನೆ ಬರೆಯುವಂತಿಲ್ಲ.

ಚರ್ಚೆಗೆ ಮುಂಚಿನ ಹಾಳೆಯಿಂದ 'ಹೊಣೆ ಹೊರಿಸುವ ಭಯ' ಎಂಬ ಒಂದೇ ಕೋಡನ್ನು ತೆಗೆದುಕೊಂಡು ಲೆಕ್ಕ ಹಾಕಿದೆ. ಒಟ್ಟು ತುಣುಕುಗಳು 200. ಮೊದಲ ಕೋಡರ್ ಈ ಕೋಡನ್ನು 12 ತುಣುಕುಗಳಿಗೆ ಕೊಟ್ಟಿದ್ದರು, ಎರಡನೆಯವರು 10ಕ್ಕೆ, ಇಬ್ಬರೂ ಕೊಟ್ಟದ್ದು 4ಕ್ಕೆ. ಅಂದರೆ ಇಬ್ಬರೂ ಕೊಡದೆ ಬಿಟ್ಟ ತುಣುಕುಗಳು 182. ಒಪ್ಪಿಗೆಯಾದ 186ನ್ನು 200ರಿಂದ ಭಾಗಿಸಿದರೆ ಶೇಕಡಾ 93 ಬರುತ್ತದೆ. ಆದರೆ ಒಬ್ಬರು ಶೇಕಡಾ 6ಕ್ಕೂ ಇನ್ನೊಬ್ಬರು ಶೇಕಡಾ 5ಕ್ಕೂ ಕಣ್ಣುಮುಚ್ಚಿ ಗುರುತು ಹಾಕಿದ್ದರೂ ಆಕಸ್ಮಿಕವಾಗಿಯೇ ಸುಮಾರು ಶೇಕಡಾ 89.6 ಹೊಂದಿಕೆಯಾಗುತ್ತಿತ್ತು. ಆ ಆಕಸ್ಮಿಕದ ಪಾಲನ್ನು ಕಳೆದು, ಉಳಿದ ಅವಕಾಶದಲ್ಲಿ ಎಷ್ಟನ್ನು ಗಳಿಸಿದರು ಎಂದು ಕೇಳುವುದೇ ಕೊಹೆನ್ 1960ರಲ್ಲಿ ಕೊಟ್ಟ ಕಪ್ಪಾ:

```
κ = (0.93 − 0.896) / (1 − 0.896) ≈ 0.33
```

ಈ 0.33ನ್ನೂ ನಾನು ಕುರುಡಾಗಿ ನಂಬುವುದಿಲ್ಲ. ಅಪರೂಪದ ಕೋಡ್‌ಗಳಲ್ಲಿ ಒಪ್ಪಿಗೆ ಹೆಚ್ಚಿದ್ದರೂ ಕಪ್ಪಾ ಕುಸಿಯುತ್ತದೆ ಎಂಬುದನ್ನು ಫೈನ್‌ಸ್ಟೈನ್ ಮತ್ತು ಚಿಕೆಟ್ಟಿ 1990ರಲ್ಲೇ ವಿವರಿಸಿದ್ದಾರೆ. ಹಾಗಾಗಿ ಅಂಕಿಯ ಹಿಂದಿನ ನಾಲ್ಕು ಸಂಖ್ಯೆಗಳನ್ನೇ ನೋಡುವುದು ಕ್ಷೇಮ. ಇಬ್ಬರಲ್ಲಿ ಒಬ್ಬರಾದರೂ ಭಯವನ್ನು ಕಂಡ ತುಣುಕುಗಳು 18. ಇಬ್ಬರೂ ಕಂಡದ್ದು ಅವುಗಳಲ್ಲಿ 4ರಲ್ಲಿ ಮಾತ್ರ. ಪ್ರಬಂಧದ ಮುಖ್ಯ ಥೀಮ್ ನಿಂತದ್ದು ಈ ಕೋಡಿನ ಮೇಲೆ ಎನ್ನುವುದನ್ನು ನೆನೆದರೆ, 41 ಕೋಡ್‌ಗಳನ್ನೂ ಒಟ್ಟುಗೂಡಿಸಿ ಕೊಟ್ಟ ಒಂದೇ ಅಂಕಿ ಏನನ್ನು ಮುಚ್ಚಿತ್ತು ಎಂದು ತಿಳಿಯುತ್ತದೆ. 'ಪಾಳಿಯ ಅವಧಿ', 'ಸಿಬ್ಬಂದಿ ಕೊರತೆ' ಮೊದಲಾದ, ಪದ ನೋಡಿದೊಡನೆ ಗುರುತಿಸಬಹುದಾದ ಕೋಡ್‌ಗಳಲ್ಲಿ ಇಬ್ಬರೂ ಸದಾ ಒಪ್ಪುತ್ತಿದ್ದರು. ವ್ಯಾಖ್ಯಾನ ಬೇಕಾದ ಕಡೆ ಒಪ್ಪುತ್ತಿರಲಿಲ್ಲ. 0.81ಕ್ಕಿಂತ ಮೇಲಿದ್ದರೆ 'ಬಹುತೇಕ ಪರಿಪೂರ್ಣ' ಎನ್ನುವ, ಲ್ಯಾಂಡಿಸ್ ಮತ್ತು ಕೋಕ್ 1977ರಲ್ಲಿ ಕೊಟ್ಟ ಶ್ರೇಣಿಯನ್ನು ಲೇಖಕರು ಉಲ್ಲೇಖಿಸಿದ್ದರು. ಆ ವಿಭಾಗಗಳು ತಮ್ಮ ಇಚ್ಛೆಯಂತೆ ಹಾಕಿಕೊಂಡವೆಂದು ಅದನ್ನು ಕೊಟ್ಟವರೇ ಒಪ್ಪಿಕೊಂಡಿದ್ದಾರೆ.

ತುಣುಕುಗಳನ್ನು ಕತ್ತರಿಸಿದವರು ಯಾರು ಎಂಬುದನ್ನೂ ಕೇಳಬೇಕು. ಮೊದಲ ಕೋಡರ್ ಮುಖ್ಯವೆನಿಸಿದ ಭಾಗಗಳನ್ನು ಮೊದಲೇ ಗೆರೆ ಹಾಕಿ ಕೊಟ್ಟಿದ್ದರೆ, ಎಲ್ಲಿ ಅರ್ಥವಿದೆ ಎಂಬ ಕಠಿಣ ಪ್ರಶ್ನೆಯಲ್ಲಿ ಭಿನ್ನಾಭಿಪ್ರಾಯಕ್ಕೆ ಅವಕಾಶವೇ ಇರುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಅಕ್ಷರಗಳನ್ನು ಎಣಿಸಿ ಹೋಲಿಸುವ ಸಾಫ್ಟ್‌ವೇರ್‌ನಲ್ಲಿ ಇಬ್ಬರೂ ಮುಟ್ಟದ ಪುಟಗಟ್ಟಲೆ ಬರಹವೆಲ್ಲ ಒಪ್ಪಿಗೆಯ ಲೆಕ್ಕಕ್ಕೆ ಸೇರಿ, ಶೇಕಡಾವಾರು ಪ್ರಮಾಣ ಉಬ್ಬುತ್ತದೆ.

ದಾಖಲೆ ಸರಿಯಿದ್ದರೂ ಸ್ಯಾಚುರೇಶನ್‌ಗೆ ಒಂದು ಮಿತಿಯುಂಟು. ಹತ್ತರಲ್ಲಿ ಒಬ್ಬರಿಗೆ ಮಾತ್ರ ಇರುವ ಅನುಭವವೊಂದಿದೆ ಎಂದುಕೊಳ್ಳಿ. ಜನರನ್ನು ಯಾದೃಚ್ಛಿಕವಾಗಿ ಆರಿಸಿದ್ದರೂ, ಸತತ ಮೂರು ಸಂದರ್ಶನಗಳಲ್ಲಿ ಅದು ಬಾರದಿರುವ ಸಂಭವ ಶೇಕಡಾ 73, ಹನ್ನೆರಡರಲ್ಲಿ ಒಮ್ಮೆಯೂ ಬಾರದಿರುವ ಸಂಭವ ಶೇಕಡಾ 28. ಮೂರು ಸಂದರ್ಶನಗಳಲ್ಲಿ ಹೊಸದೇನೂ ಬರಲಿಲ್ಲ ಎಂದು ನಿಲ್ಲಿಸುವ ನಿಯಮವು ಸಾಮಾನ್ಯ ಅನುಭವಗಳನ್ನು ಹಿಡಿಯಲು ಸಾಕು, ಅಪರೂಪದವನ್ನು ಹಿಡಿಯಲು ಸಾಲದು.

ಪರಿಶೀಲಕರ ಕಡೆಯಿಂದಲೂ ತಪ್ಪಾಗುತ್ತದೆ, ನಾನೂ ಮಾಡಿದ್ದೇನೆ. ಬ್ರೌನ್ ಮತ್ತು ಕ್ಲಾರ್ಕ್ ಅವರ ರಿಫ್ಲೆಕ್ಸಿವ್ ಥೀಮ್ಯಾಟಿಕ್ ವಿಶ್ಲೇಷಣೆಯಲ್ಲಿ, ಸಂಶೋಧಕರ ಓದೇ ಅರ್ಥವನ್ನು ಕಟ್ಟುವ ಸಾಧನ. ಅಲ್ಲಿ ಇಬ್ಬರು ಒಂದೇ ಕೋಡ್ ಕೊಡಬೇಕೆಂಬ ನಿರೀಕ್ಷೆಯೇ ಇಲ್ಲ, ಸ್ಯಾಚುರೇಶನ್ ಎಂಬ ಕಲ್ಪನೆಯೂ ಅದಕ್ಕೆ ಒಗ್ಗುವುದಿಲ್ಲ ಎಂದು ಅವರೇ ಬರೆದಿದ್ದಾರೆ. ಅಂಥ ಪ್ರಬಂಧಕ್ಕೆ ಕಪ್ಪಾ ಏಕಿಲ್ಲ ಎಂದು ಹಿಂದೊಮ್ಮೆ ಷರಾ ಬರೆದಿದ್ದೆ. ಪಾಪ, ಲೇಖಕರು ಎಲ್ಲಿಂದಲೋ ಒಂದು ಅಂಕಿಯನ್ನು ಸೇರಿಸಿ ಕಳಿಸಿದರು. ಈಗ ಕೇಳುವುದು ಬೇರೆ: ಇದು ಕೋಡ್‌ಬುಕ್ ಆಧಾರಿತ ವಿಶ್ಲೇಷಣೆಯೋ ರಿಫ್ಲೆಕ್ಸಿವ್ ವಿಶ್ಲೇಷಣೆಯೋ ಎಂಬುದು. ಎರಡನೆಯದೆಂದು ಹೇಳಿಕೊಂಡು ಕಪ್ಪಾವನ್ನೂ ಕೊಟ್ಟಿದ್ದರೆ, ಆ ಅಂಕಿ ಯಾರನ್ನು ಮೆಚ್ಚಿಸಲು ಬಂತೆಂದು ಊಹಿಸುವುದು ಕಷ್ಟವಲ್ಲ.

ನರ್ಸ್‌ಗಳ ಅಧ್ಯಯನದವರು ಮೂರು ತಿಂಗಳ ನಂತರ ತಿದ್ದಿ ಕಳಿಸಿದರು. ಆರನೆಯದರಿಂದ ಮುಂದೆ 'ಇತರೆ'ಯಲ್ಲಿ ಸೇರಿದ್ದ 57 ತುಣುಕುಗಳನ್ನು ಮತ್ತೆ ಓದಿದಾಗ 33 ಎರಡು ಹೊಸ ಕೋಡ್‌ಗಳಡಿ ಬಂದವು. ಅವುಗಳಲ್ಲಿ ಒಂದಕ್ಕೆ ಅವರು ಕೊಟ್ಟ ಹೆಸರು 'ಹಂಚಿದ ತಪ್ಪು, ಒಂಟಿ ಸಹಿ'. ಹಳೆಯ ಸಂದರ್ಶನಗಳನ್ನು ಈ ಕೋಡ್ ಹಿಡಿದು ಮರಳಿ ಓದಿದಾಗ, ಹಿರಿಯರ ಮಾತಿನಲ್ಲೂ ಅದು ಐದು ಕಡೆ ಇತ್ತು. ಕಪ್ಪಾವನ್ನು ಕೋಡ್‌ಬುಕ್ ಕಟ್ಟಲು ಬಳಸದ ನಾಲ್ಕು ಸಂದರ್ಶನಗಳ ಮೇಲೆ, ಚರ್ಚೆಗೆ ಮುನ್ನ, ಕೋಡ್‌ವಾರು ಲೆಕ್ಕ ಹಾಕಿ ಕೋಷ್ಟಕದಲ್ಲಿ ಕೊಟ್ಟಿದ್ದರು. ಕೆಲವು ಅಂಕಿಗಳು 0.5ಕ್ಕೂ ಕೆಳಗಿದ್ದವು ಮತ್ತು ಅವುಗಳ ಕೆಳಗೆ ಇಬ್ಬರೂ ಏಕೆ ಒಪ್ಪಲಿಲ್ಲ ಎಂಬ ಟಿಪ್ಪಣಿಯಿತ್ತು. ಸ್ಯಾಚುರೇಶನ್ ಎಂಬ ಪದವನ್ನು ತೆಗೆದು, ಹಿರಿಯರ ಸಂದರ್ಶನಗಳ ಕೊನೆಯ ನಾಲ್ಕರಲ್ಲಿ ಹೊಸ ಕೋಡ್ ಬರಲಿಲ್ಲವೆಂದೂ, ಕಿರಿಯರಲ್ಲಿ ಕೊನೆಯ ಸಂದರ್ಶನದವರೆಗೂ ಬರುತ್ತಲೇ ಇತ್ತೆಂದೂ ಬರೆದಿದ್ದರು. ಪ್ರಬಂಧವನ್ನು ಪ್ರಕಟಿಸಬಹುದು ಎಂದು ನಾನು ಶಿಫಾರಸು ಮಾಡಿದೆ.